ಪ್ಲಾಸ್ಟರಿಂಗ್ ಸಬ್ ಕಾಂಟ್ರಾಕ್ಟರ್ ಹಿಂದೆ ಬಿದ್ದಿದ್ದಾರೆ, ಪತ್ರದಲ್ಲಿ ಏನು ಬರೆಯಲಿ?

ಪ್ರಶ್ನೆ, ಸೈಟ್ ಇಂಜಿನಿಯರ್, ಮೈಸೂರು: ಅಪಾರ್ಟ್‌ಮೆಂಟ್ ಕೆಲಸ. ಒಳಗಿನ ಪ್ಲಾಸ್ಟರಿಂಗ್ 24,000 ಚದರ ಮೀಟರ್, 120 ಕೆಲಸದ ದಿನದಲ್ಲಿ ಮುಗಿಯಬೇಕು. 60 ದಿನ ಆಯ್ತು, ಆಗಿರೋದು 7,800. ಕನಿಷ್ಠ 20 ಗಾರೆಯವರು ಇರಬೇಕು ಅಂತ ವರ್ಕ್ ಆರ್ಡರ್‌ನಲ್ಲಿದೆ, ಸರಾಸರಿ ಬರೋದು 13. ಎರಡು ಮಹಡಿಯಲ್ಲಿ ಎಲೆಕ್ಟ್ರಿಕಲ್ ಪೈಪ್ ಮುಗಿಯದೆ 1,200 ಚದರ ಮೀಟರ್ ಜಾಗ ನಾವೇ ಬಿಟ್ಟುಕೊಟ್ಟಿಲ್ಲ. ಅದನ್ನ ಪತ್ರದಲ್ಲಿ ಹೇಳದೆ ಬಿಡಬಹುದಾ ಸರ್?

ಉತ್ತರ, ಕಾಂಟ್ರಾಕ್ಟ್ಸ್ ಮ್ಯಾನೇಜರ್, ಬೆಂಗಳೂರು: ಬಿಡಬೇಡಿ. ಅದನ್ನು ನೀವೇ ಮೊದಲು ಬರೆಯಿರಿ. ಮುಚ್ಚಿಟ್ಟರೆ ಅವರ ಉತ್ತರದ ಮೊದಲ ಸಾಲೇ ಅದಾಗುತ್ತದೆ, ಆಮೇಲೆ ನಿಮ್ಮ ಉಳಿದ ಲೆಕ್ಕವನ್ನೂ ಯಾರೂ ನಂಬುವುದಿಲ್ಲ.

ಇವತ್ತಿಗೆ 12,000 ಆಗಬೇಕಿತ್ತು. ನಿಮ್ಮಿಂದ ತಡವಾದ 1,200 ಕಳೆದರೆ 10,800. ಆಗಿರುವುದು 7,800. ಅಂದರೆ ಅವರ ಪಾಲಿನ ಕೊರತೆ 3,000. ಪತ್ರದಲ್ಲಿ ಈ ಅಂಕಿ ಮಾತ್ರ ನಿಲ್ಲಬೇಕು. ಜೊತೆಗೆ ಜಂಟಿ ಅಳತೆಯ ಹಾಳೆ, ದಿನದ ಹಾಜರಿ ಪಟ್ಟಿ ಲಗತ್ತಿಸಿ. ಎರಡರಲ್ಲೂ ಅವರ ಸೂಪರ್‌ವೈಸರ್ ಸಹಿ ಇದ್ದರೆ ವಾದಕ್ಕೆ ಜಾಗವೇ ಇರುವುದಿಲ್ಲ.

ಇನ್ನೊಂದು ಗಮನಿಸಿ. 13 ಜನ ದಿನಕ್ಕೆ 130 ಚದರ ಮೀಟರ್ ಮಾಡಿದ್ದಾರೆ, ತಲೆಗೆ 10. ನಿಮ್ಮ ಯೋಜನೆಯೂ 20 ಜನಕ್ಕೆ 200, ಅಲ್ವಾ? ಹಾಗಾದರೆ ಇರುವವರು ಚೆನ್ನಾಗಿಯೇ ಕೆಲಸ ಮಾಡುತ್ತಿದ್ದಾರೆ, ಕಮ್ಮಿ ಇರುವುದು ಜನ. ‘ಕೆಲಸ ಚುರುಕುಗೊಳಿಸಿ’ ಅಂತ ಬರೆಯುವುದು ಸುಮ್ನೆ. ಉಳಿದ 16,200ರಲ್ಲಿ ತಡೆದಿರುವ 1,200 ಬಿಟ್ಟರೆ 15,000. ಅದು 60 ದಿನದಲ್ಲಿ ಮುಗಿಯಬೇಕಾದರೆ ದಿನಕ್ಕೆ 250, ಅಂದರೆ 25 ಗಾರೆಯವರು. ಅದನ್ನೇ ಕೇಳಿ:

“ವರ್ಕ್ ಆರ್ಡರ್ ಪ್ರಕಾರ ಕನಿಷ್ಠ 20 ಗಾರೆಯವರನ್ನು ಇಡಬೇಕಿತ್ತು. ಲಗತ್ತಿಸಿದ ಹಾಜರಿಯಂತೆ ಸರಾಸರಿ 13 ಜನ ಇದ್ದಾರೆ. ನಿಮ್ಮ ಪಾಲಿನ ಕೊರತೆ 3,000 ಚದರ ಮೀಟರ್. ಉಳಿದ ಕೆಲಸ ಗಡುವಿನೊಳಗೆ ಮುಗಿಯಲು 25 ಗಾರೆಯವರು ಬೇಕು. ಈ ಪತ್ರ ತಲುಪಿದ 7 ದಿನದೊಳಗೆ ಕೊರತೆ ತುಂಬಿಸುವ ರಿಕವರಿ ಪ್ರೋಗ್ರಾಂ ಕೊಡಿ. ಮಹಡಿವಾರು ಮುಗಿಸುವ ದಿನಾಂಕ, ವಾರವಾರು ಚದರ ಮೀಟರ್, ಗಾರೆಯವರ ಮತ್ತು ಹೆಲ್ಪರ್‌ಗಳ ಸಂಖ್ಯೆ ಅದರಲ್ಲಿರಲಿ. ತಡೆದಿರುವ 1,200 ಚದರ ಮೀಟರ್‌ಗೆ ಸಮಯವನ್ನು ಬೇರೆಯಾಗಿ ತೀರ್ಮಾನಿಸುತ್ತೇವೆ. ಈ ಪ್ರೋಗ್ರಾಂ ಕೇಳುವುದು ಅಥವಾ ಒಪ್ಪುವುದು ಅವಧಿ ವಿಸ್ತರಣೆಯಲ್ಲ. ವಿಳಂಬದ ಪರಿಹಾರ ಕೇಳುವ ನಮ್ಮ ಹಕ್ಕು ಉಳಿದಿದೆ.”

ಕೊನೆಯ ಎರಡು ವಾಕ್ಯ ಬಿಡಲೇಬೇಡಿ. 1872ರ ಭಾರತೀಯ ಒಪ್ಪಂದ ಕಾಯ್ದೆಯ 55ನೇ ಸೆಕ್ಷನ್ ಇದಕ್ಕೇ ಸಂಬಂಧಿಸಿದ್ದು. ಗಡುವು ಮುಖ್ಯವಾದ ಒಪ್ಪಂದದಲ್ಲಿ ತಡವಾದ ಕೆಲಸವನ್ನು ಒಪ್ಪಿಕೊಂಡರೆ, ಒಪ್ಪುವಾಗಲೇ ಪರಿಹಾರ ಕೇಳುತ್ತೇವೆ ಅಂತ ನೋಟಿಸ್ ಕೊಟ್ಟಿರಬೇಕು. ಇಲ್ಲದಿದ್ದರೆ ಆಮೇಲೆ ಕೇಳಲು ಬರುವುದಿಲ್ಲ. ಹೊಸ ತಾರೀಖು ಒಪ್ಪಿ ಸುಮ್ಮನಾದ ಸೈಟ್‌ಗಳು ಇಲ್ಲೇ ಕೈ ಸುಟ್ಟುಕೊಳ್ಳುತ್ತವೆ. ಕೆಲಸ ಒಪ್ಪಿಕೊಳ್ಳುವಾಗ ಮತ್ತೊಮ್ಮೆ ಬರೆದು ತಿಳಿಸಿ.

ಬಿಲ್ಲಿಂಗ್ ಇಂಜಿನಿಯರ್, ಹುಬ್ಬಳ್ಳಿ: ಇಷ್ಟೆಲ್ಲಾ ಯಾಕ್ರೀ? ಎಲ್.ಡಿ. ಕ್ಲಾಸ್, ಅಂದ್ರೆ ತಡವಾದ್ರೆ ಪರಿಹಾರ ಹಿಡಿಯೋ ಷರತ್ತು ಇದೆಯಲ್ಲ, ಕೆಲಸ ನಡೆದಂತೆ ಕೊಡೋ ಮುಂದಿನ ಆರ್.ಎ. ಬಿಲ್‌ನಲ್ಲಿ 10% ಹಿಡಿದರೆ ತಾನೇ ಜನ ತರ್ತಾರೆ.

ಕಾಂಟ್ರಾಕ್ಟ್ಸ್ ಮ್ಯಾನೇಜರ್: ಕ್ಲಾಸ್ ಇದ್ದರೆ ಬಳಸಬಹುದು, ಅಷ್ಟು ನಿಜ. ಆದರೆ ದರ ಎಷ್ಟು, ಯಾವ ತಾರೀಖಿನಿಂದ ಅಂತ ಓದಿ. ಬಹಳಷ್ಟು ಆರ್ಡರ್‌ಗಳಲ್ಲಿ ಅದು ಮುಗಿಸುವ ದಿನಾಂಕ ದಾಟಿದ ಮೇಲೆ ಶುರು. ಇಲ್ಲಿ ಇನ್ನೂ 60 ದಿನ ಇದೆ. ಜೊತೆಗೆ ಅದೇ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ, ಒಪ್ಪಂದದಲ್ಲಿ ಬರೆದಿರುವ ಮೊತ್ತ ಮೇಲಿನ ಮಿತಿ. ಅದರೊಳಗೆ ನ್ಯಾಯವಾದಷ್ಟು ಮಾತ್ರ ಸಿಗುತ್ತದೆ. ಈಗಲೇ ದುಡ್ಡು ಹಿಡಿದರೆ ಅವರು ಕೂಲಿ ಕೊಡಲಾಗದೆ 13 ಜನ 8 ಆಗಬಹುದು.

ಗಾರೆ ಮೇಸ್ತ್ರಿ, ತುಮಕೂರು: ನಾನೂ ಸಬ್ ಕಾಂಟ್ರಾಕ್ಟೇ ಮಾಡೋದು. ನನಗೂ ಇಂಥಾ ಪತ್ರ ಬಂದಿತ್ತು. ಎರಡು ಬಿಲ್ ಬಾಕಿ ಇಟ್ಕೊಂಡು ಜನ ತನ್ನಿ ಅಂದ್ರೆ ಎಲ್ಲಿಂದ ತರೋದು ಸರ್? ಮರಳು ಮೇಲಕ್ಕೆ ಹೋಗಕ್ಕೆ ಹಾಯಿಸ್ಟ್ ಮಧ್ಯಾಹ್ನದವರೆಗೆ ಸಿಗ್ತಿರಲಿಲ್ಲ. ಅದನ್ನೂ ಬರೀರಿ.

ಕಾಂಟ್ರಾಕ್ಟ್ಸ್ ಮ್ಯಾನೇಜರ್: ಮೇಸ್ತ್ರಿಯವರು ಹೇಳಿದ್ದು ಸರಿ. ಪತ್ರ ಕಳಿಸುವ ಮುಂಚೆ ಅವರ ಬಾಕಿ ಬಿಲ್ ನೋಡಿ, ಪಾಸಾದದ್ದನ್ನು ಕೊಟ್ಟುಬಿಡಿ. 13 ಜನಕ್ಕೆ ಸಾಲುತ್ತಿದ್ದ ಹಾಯಿಸ್ಟ್ 25 ಜನಕ್ಕೆ ಸಾಲುತ್ತದಾ ಅಂತಲೂ ಲೆಕ್ಕ ಹಾಕಿ. ಬೆಳಿಗ್ಗೆ ಇಷ್ಟು ಗಂಟೆ ಪ್ಲಾಸ್ಟರಿಂಗ್‌ಗೆ ಅಂತ ಪತ್ರದಲ್ಲೇ ಬರೆದುಕೊಡಿ. ಬರೆದ ಮೇಲೆ ನಡೆಸಲೇಬೇಕು.

ಸೈಟ್ ಇಂಜಿನಿಯರ್: ಒಂದು ಬಿಲ್ ನಿಜವಾಗಿಯೂ ಬಾಕಿ ಇದೆ, ಇವತ್ತೇ ಅಕೌಂಟ್ಸ್‌ಗೆ ಹೇಳ್ತೀನಿ. 7 ದಿನ ಕಳೆದರೂ ಪ್ರೋಗ್ರಾಂ ಬರದಿದ್ದರೆ ಒಂದು ವಿಂಗ್ ಬೇರೆ ಗ್ಯಾಂಗ್‌ಗೆ ಕೊಟ್ಟು ಹೆಚ್ಚುವರಿ ಖರ್ಚು ಇವರಿಂದ ಹಿಡಿಯಬಹುದಾ?

ಕಾಂಟ್ರಾಕ್ಟ್ಸ್ ಮ್ಯಾನೇಜರ್: ವರ್ಕ್ ಆರ್ಡರ್‌ನಲ್ಲಿ ಹಾಗೆ ಕೆಲಸ ತೆಗೆಯುವ ಕ್ಲಾಸ್ ಇದ್ದರೆ, ಅದು ಹೇಳುವಷ್ಟು ದಿನದ ನೋಟಿಸ್ ಕೊಟ್ಟು ಮಾಡಬಹುದು. ಇಲ್ಲದಿದ್ದರೆ ಒಪ್ಪಂದ ಮುರಿದದ್ದು ನೀವೇ ಅಂತಾರೆ. ನಿಮ್ಮ ಬಿಲ್ ತಡವಾಗಿರುವುದರಿಂದ ಇದು ಎರಡೂ ಕಡೆ ಎಳೆಯುವ ವಿಷಯ, ಕ್ಲಾಸ್ ಓದದೆ ನಾನು ಹೌದು ಅನ್ನಲಾರೆ. ಆ ಪುಟ ವಕೀಲರಿಗೆ ತೋರಿಸಿ. ಅಷ್ಟರಲ್ಲಿ ಎರಡು ಮಹಡಿಯ ಪೈಪ್ ಕೆಲಸ ಮುಗಿಸಿ ಜಾಗ ಬಿಟ್ಟುಕೊಡಿ, ಕೊಟ್ಟ ದಿನ ಅವರ ಸಹಿ ಹಾಕಿಸಿಕೊಳ್ಳಿ.