ಹಳೇ ನಂಬರ್ ಈಗ ಬೇರೆಯವರ ಕೈಲಿದೆ, ಜಿಮೇಲ್, ಬ್ಯಾಂಕ್, ಆಧಾರ್ ಎಲ್ಲಾ ಅದಕ್ಕೇ ಲಿಂಕ್ ಆಗಿವೆ

ಪ್ರಶ್ನೆ, ಮಸ್ಕತ್‌ನಲ್ಲಿರುವ ಸದಸ್ಯೆ: ಇಲ್ಲಿಗೆ ಬಂದ ಮೇಲೆ ಮೈಸೂರಿನ ಪ್ರಿಪೇಯ್ಡ್ ಸಿಮ್‌ಗೆ ರೀಚಾರ್ಜ್ ಮಾಡಿಸಿರಲಿಲ್ಲ. ಮೊನ್ನೆ ಆ ನಂಬರಿಗೆ ಫೋನ್ ಮಾಡಿದರೆ ಕಲಬುರಗಿ ಕಡೆಯವರು ಯಾರೋ ಎತ್ತಿದರು. ಜಿಮೇಲ್ ನನ್ನ ಫೋನಲ್ಲಿ ಇನ್ನೂ ತೆರೀತಿದೆ. ಆದರೆ ರಿಕವರಿ ನಂಬರ್, ಬ್ಯಾಂಕ್, ಆಧಾರ್ ಮೂರೂ ಅದೇ. ಮೊದಲು ಏನು ಮಾಡಲಿ?

ಮೊಬೈಲ್ ಅಂಗಡಿ ಇಟ್ಟಿರುವ ಸದಸ್ಯ: ಮೇಡಂ, ಟ್ರಾಯ್‌ಗೆ ದೂರು ಕೊಡಿ. ನಂಬರ್ ಕಟ್ ಆದ ಮೇಲೆ 90 ದಿನ ಬೇರೆಯವರಿಗೆ ಕೊಡೋ ಹಾಗಿಲ್ಲ. ಜಿಮೇಲ್‌ಗೆ ಟು-ಸ್ಟೆಪ್ ಹಾಕಿದ್ರೆ ಭಯ ಬೇಡ.

ಖಾತೆ ಭದ್ರತೆಯ ಕೆಲಸದವರು: 90 ದಿನದ ಮಾತು ಸರಿ. ಆದರೆ ಆ ಗಡುವು ದಾಟಿದ ಮೇಲೆ ಕಂಪನಿ ನಂಬರನ್ನು ಹೊಸಬರಿಗೆ ಕೊಡಬಹುದು. 2023ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಈ ವಿಷಯ ಬಂದಾಗಲೂ, ಹಳೇ ನಂಬರಿನಲ್ಲಿರುವ ತಮ್ಮ ಮಾಹಿತಿಯನ್ನು ತೆಗೆದುಕೊಳ್ಳುವುದು ಗ್ರಾಹಕರ ಹೊಣೆ ಎಂದೇ ಆಯಿತು. ಹಾಗಾಗಿ ನಂಬರ್ ವಾಪಸ್ ಬರುತ್ತದೆ ಅಂತ ಕಾಯಬೇಡಿ. ಟು-ಸ್ಟೆಪ್ ವಿಷಯದಲ್ಲೂ ಎಚ್ಚರ ಬೇಕು: ಎರಡನೇ ಹೆಜ್ಜೆಯ ಕೋಡ್ ಅದೇ ನಂಬರಿಗೆ ಎಸ್ಸೆಮ್ಮೆಸ್ ಆಗಿ ಹೋಗುವಂತಿದ್ದರೆ, ನಾಳೆ ನಿಮ್ಮ ಫೋನ್ ಕೆಟ್ಟಾಗ ಹೊರಗೆ ಉಳಿಯುವವರು ನೀವೇ.

ನಿಮ್ಮ ಕೈಲಿರುವ ದೊಡ್ಡ ಬಲ ಅಂದರೆ ಇನ್ನೂ ತೆರೆದಿರುವ ಆ ಜಿಮೇಲ್. ಅದರಿಂದ ಲಾಗೌಟ್ ಆಗಬೇಡಿ, ಫೋನ್ ರಿಸೆಟ್ ಮಾಡಬೇಡಿ, ಹೊಸ ಫೋನಿಗೂ ಈಗ ಹೋಗಬೇಡಿ. ಅದೇ ಫೋನಿನಿಂದ myaccount.google.com ತೆರೆದು, ಪಾಸ್‌ವರ್ಡ್ ಕೇಳಿದರೆ ಕೊಟ್ಟು, ಹಳೇ ನಂಬರನ್ನು ಮೂರು ಕಡೆ ಹುಡುಕಿ: Recovery phone, 2-Step Verification, ಮತ್ತು Personal info ಒಳಗಿನ ಫೋನ್ ನಂಬರ್. ಬಹಳ ಜನ ಮೊದಲನೆಯದನ್ನು ಮಾತ್ರ ಬದಲಿಸಿ ಬಿಡುತ್ತಾರೆ. ಮೊದಲು ಒಮಾನ್ ನಂಬರ್ ಸೇರಿಸಿ, ಆಮೇಲೆ ಹಳೆಯದನ್ನು ತೆಗೆಯಿರಿ. ಬ್ಯಾಕಪ್ ಕೋಡ್‌ಗಳನ್ನು ತೆಗೆದು ಕಾಗದದ ಮೇಲೆ ಬರೆದಿಡಿ. ಎಂಟೆಂಟು ಅಂಕಿಯ ಹತ್ತು ಕೋಡ್ ಸಿಗುತ್ತವೆ, ಒಂದೊಂದು ಒಂದೇ ಸಲ ನಡೆಯುತ್ತದೆ.

ವಾಟ್ಸಾಪ್ ಸಿಮ್ ಇಲ್ಲದೆಯೂ ನಿಮಗೆ ಓಡುತ್ತಿದ್ದರೆ ಈಗಲೇ ಸೆಟ್ಟಿಂಗ್ಸ್‌ನಲ್ಲಿ Change number ಮಾಡಿ. ಆ ಕಡೆಯವರು ತಮ್ಮ ಫೋನಿಗೆ ವಾಟ್ಸಾಪ್ ಹಾಕಿಕೊಂಡರೆ ನಿಮ್ಮದು ಹೊರಬೀಳುತ್ತದೆ.

ತುಮಕೂರಿನ ಸದಸ್ಯ: ನಮ್ಮಮ್ಮನ ಹೊಸ ಸಿಮ್‌ಗೂ ಯಾರದೋ ಸಾಲದ ಕಂತಿನ ಕರೆ ದಿನಾ ಬರ್ತವೆ. ಫೇಸ್‌ಬುಕ್ ಖಾತೆ ತೆರೆಯೋಣ ಅಂದ್ರೆ ಈ ನಂಬರಿಗೆ ಬೇರೆ ಯಾರದೋ ಖಾತೆ ತೋರಿಸ್ತದೆ. ಒಳಗೆ ಹೋಗಿ ನಂಬರ್ ಬಿಡಿಸಬಹುದಾ?

ಖಾತೆ ಭದ್ರತೆಯ ಕೆಲಸದವರು: ಕೋಡ್ ನಿಮಗೆ ಬಂದರೂ ಒಳಗೆ ಹೋಗಬೇಡಿ ಸರ್, ಅದು ಇನ್ನೊಬ್ಬರ ಖಾತೆ. ಇಮೇಲ್ ಕೊಟ್ಟು ಹೊಸ ಖಾತೆ ತೆರೆಯಿರಿ. ಸಾಲದ ಕರೆಗೆ, ಸಿಮ್ ಕೊಂಡ ದಿನಾಂಕವಿರುವ ರಸೀದಿಯನ್ನು ಬ್ಯಾಂಕಿನ ದೂರು ವಿಭಾಗಕ್ಕೆ ಬರಹದಲ್ಲಿ ಕಳಿಸಿ.

ಮಸ್ಕತ್‌ನ ಸದಸ್ಯೆ: ಗೂಗಲ್‌ನಲ್ಲಿ ಬದಲಿಸಿದೆ ಸರ್, ಧನ್ಯವಾದ. ಆದರೆ ಇನ್ನೂ 7 ದಿನ ಹಳೇ ನಂಬರಿಗೂ ಕೋಡ್ ಹೋಗಬಹುದು ಅಂತ ಬರೆದಿದೆ! ಆ ಮನುಷ್ಯ ಯುಪಿಐನಿಂದ ದುಡ್ಡು ತೆಗೀಬಹುದಾ?

ಖಾತೆ ಭದ್ರತೆಯ ಕೆಲಸದವರು: ಆ ಏಳು ದಿನ ಇರುವುದು, ಕಳ್ಳ ಒಳಹೊಕ್ಕು ನಂಬರ್ ಬದಲಿಸಿದರೆ ನಿಜವಾದ ಯಜಮಾನರಿಗೆ ವಾಪಸ್ ಬರುವ ದಾರಿ ಇರಲಿ ಅಂತ. ನಿಮ್ಮ ವಿಷಯದಲ್ಲಿ ಅದೇ ತಿರುಗುಬಾಣ. ಈ ವಾರ ಪಾಸ್‌ವರ್ಡ್ ಬದಲಿಸಿ, ಗೂಗಲ್‌ನಿಂದ ಬರುವ ಎಚ್ಚರಿಕೆಯ ಮೇಲ್‌ಗಳನ್ನು ಆಗಿಂದಾಗಲೇ ನೋಡುತ್ತಿರಿ.

ಯುಪಿಐ ವಿಷಯಕ್ಕೆ ಬಂದರೆ, ಅವರ ಸಿಮ್‌ನಿಂದ ಆ್ಯಪ್ ನೋಂದಾಯಿಸಿದರೆ ಆ ನಂಬರಿಗಿರುವ ನಿಮ್ಮ ಬ್ಯಾಂಕ್ ಖಾತೆ ಕಾಣಬಹುದು. ಆದರೆ ಪಿನ್ ಹೊಸದಾಗಿ ಇಡಲು ಡೆಬಿಟ್ ಕಾರ್ಡಿನ ಕೊನೆಯ 6 ಅಂಕಿ ಮತ್ತು ಅವಧಿ ಬೇಕು. ಇಲ್ಲವಾದರೆ ಆಧಾರ್‌ನ ಮೊದಲ 6 ಅಂಕಿ ಮತ್ತು ಆಧಾರ್ ಒಟಿಪಿ. ನನಗೆ ಚಿಂತೆ ಈ ಎರಡನೇ ದಾರಿಯದು, ಏಕೆಂದರೆ ಆ ಒಟಿಪಿಯೂ ಅವರಿಗೇ ಹೋಗುತ್ತದೆ. ಆಧಾರ್ ಜೆರಾಕ್ಸ್ ಎಷ್ಟು ಕಡೆ ಕೊಟ್ಟಿರುತ್ತೇವೆ ನೋಡಿ. ಕಡಿತವಾದ ನಂಬರುಗಳ ಪಟ್ಟಿ ನೋಡಿ ವಾರಕ್ಕೊಮ್ಮೆಯಾದರೂ ತಮ್ಮ ದಾಖಲೆ ಸರಿಪಡಿಸಬೇಕು ಎಂದು 2025ರ ಏಪ್ರಿಲ್‌ನಿಂದ ಬ್ಯಾಂಕುಗಳಿಗೂ ಯುಪಿಐ ಆ್ಯಪ್‌ಗಳಿಗೂ ನಿಯಮವಿದೆ, ಆದರೂ ಅದನ್ನೇ ನಂಬಿ ಕೂರಬೇಡಿ. ಇವತ್ತೇ ಬ್ಯಾಂಕಿನ ಸಹಾಯವಾಣಿಗೆ ಫೋನ್ ಮಾಡಿ ಆ ನಂಬರಿನ ಮೇಲಿನ ಯುಪಿಐ ಮತ್ತು ನೆಟ್ ಬ್ಯಾಂಕಿಂಗ್ ನಿಲ್ಲಿಸಲು ಹೇಳಿ. ಒಮಾನ್ ನಂಬರ್ ನೋಂದಾಯಿಸಲು ಏನು ಬೇಕೆಂದು ಅದೇ ಕರೆಯಲ್ಲಿ ಕೇಳಿ. ಎನ್‌ಆರ್‌ಒ ಖಾತೆಯಾದರೆ ಒಮಾನ್ ನಂಬರಿಗೂ ಯುಪಿಐ ಕೊಡಲು ಅವಕಾಶವಿದೆ, ನಿಮ್ಮ ಬ್ಯಾಂಕ್ ಕೊಡುತ್ತದೋ ಅವರೇ ಹೇಳಬೇಕು.

ಮಸ್ಕತ್‌ನ ಸದಸ್ಯೆ: ಆಧಾರ್ ಇಲ್ಲಿಂದಲೇ ಬದಲಿಸಬಹುದಾ?

ಖಾತೆ ಭದ್ರತೆಯ ಕೆಲಸದವರು: ಹಳೇ ನಂಬರ್ ಕೈಲಿ ಇಲ್ಲದಿದ್ದರೆ ನನಗೆ ಗೊತ್ತಿರುವ ಖಾತ್ರಿ ದಾರಿ ಒಂದೇ, ಆಧಾರ್ ಕೇಂದ್ರಕ್ಕೆ ಖುದ್ದಾಗಿ ಹೋಗಿ ಬೆರಳಚ್ಚು ಕೊಡುವುದು. ದಾಖಲೆ ಏನೂ ಕೇಳುವುದಿಲ್ಲ. ಊರಿಗೆ ಯಾವಾಗ ಬರುತ್ತೀರಿ?

ಮಸ್ಕತ್‌ನ ಸದಸ್ಯೆ: ದಸರಾ ರಜೆಗೆ ಸರ್. ಅಲ್ಲಿವರೆಗೆ ಬ್ಯಾಂಕಿನದು ಮುಗಿಸ್ತೀನಿ.

ಮೊಬೈಲ್ ಅಂಗಡಿ ಇಟ್ಟಿರುವ ಸದಸ್ಯ: ಕಲಬುರಗಿಯವರಿಗೆ ಫೋನ್ ಮಾಡಿ ಒಂದು ಮಾತು ಹೇಳಿ ನೋಡಿ ಮೇಡಂ, ಒಳ್ಳೆಯವರಿದ್ರೆ ಒಟಿಪಿ ಹೇಳ್ತಾರೆ.

ಖಾತೆ ಭದ್ರತೆಯ ಕೆಲಸದವರು: ಅದು ಬೇಡ. ಯಾವ ಬ್ಯಾಂಕು, ಯಾರ ಹೆಸರು ಅಂತ ಅವರಿಗೆ ಈಗ ಗೊತ್ತಿಲ್ಲದ್ದನ್ನು ನಾವೇ ತಿಳಿಸಿದ ಹಾಗಾಗುತ್ತದೆ.