ಟೆಟ್ರಾಹೈಮಿನಾ ಇಂಟ್ರಾನ್: ಟ್ಯೂಬಿನಲ್ಲಿ ಪ್ರೋಟೀನು ಇರಲಿಲ್ಲ ಅಂತ ಮಕ್ಕಳಿಗೆ ಹೇಗೆ ತೋರಿಸುತ್ತೀರಿ?

ಕೇಳಿದವರು (ಪದವಿ ಕಾಲೇಜಿನ ಉಪನ್ಯಾಸಕ)
ಬಿಎಸ್ಸಿ ಕೊನೆಯ ವರ್ಷದವರಿಗೆ ರೈಬೋಜೈಮ್, ಅಂದರೆ ಕಿಣ್ವದ ಹಾಗೆ ಕೆಲಸ ಮಾಡುವ ಆರ್‌ಎನ್‌ಎ, ಪಾಠ ಮಾಡುತ್ತಿದ್ದೇನೆ. ಟೆಟ್ರಾಹೈಮಿನಾ ಎಂಬ ಏಕಕೋಶ ಜೀವಿಯ ಆರ್‌ಎನ್‌ಎ ನಡುವೆ ಇದ್ದು ಆಮೇಲೆ ತೆಗೆದುಹಾಕಬೇಕಾದ ತುಂಡು, ಅಂದರೆ ಇಂಟ್ರಾನ್, ತನ್ನನ್ನು ತಾನೇ ಕತ್ತರಿಸಿಕೊಳ್ಳುತ್ತದೆ ಅಂದ ಕೂಡಲೇ ಒಬ್ಬಳು "ಸರ್, ಒಂಚೂರು ಪ್ರೋಟೀನು ಅಂಟಿಕೊಂಡೇ ಉಳಿದಿದ್ದರೆ?" ಅಂದಳು. ಇನ್ನೊಬ್ಬ "ಇದರಿಂದ ಹಿಂದೆ ಪ್ರೋಟೀನು ಕಿಣ್ವಗಳಿಗೂ ಮೊದಲು ಆರ್‌ಎನ್‌ಎಯೇ ಕೆಲಸ ನಡೆಸುತ್ತಿದ್ದ ಆರ್‌ಎನ್‌ಎ ಜಗತ್ತು ಇತ್ತು ಅಂತ ಹೇಗೆ ಹೇಳ್ತೀರಿ?" ಅಂದ. ಪಾಠ ಮಾಡಿದವರು, ಲ್ಯಾಬಿನಲ್ಲಿ ಮಾಡಿ ನೋಡಿದವರು ನಿಮ್ಮ ಅನುಭವ ಹೇಳಿ.

ಧಾರವಾಡದ ಉಪನ್ಯಾಸಕಿ
ನಾನು ಹೇಳೋದು ಇಷ್ಟು: ಕುದಿಸಿದರು, ಎಸ್‌ಡಿಎಸ್ ಎಂಬ ಮಾರ್ಜಕ ಹಾಕಿದರು, ಫೀನಾಲ್‌ನಲ್ಲಿ ತೊಳೆದರು, ಪ್ರೋಟೀನು ತಿನ್ನುವ ಕಿಣ್ವವನ್ನೂ ಹಾಕಿದರು. ಆದರೂ ಇಂಟ್ರಾನ್ ಹೊರಗೆ ಬಂತು. ಬೇಕಾದ ಶಕ್ತಿ ಜಿಟಿಪಿಯಿಂದ ಬರುತ್ತದೆ. ಈ ಇಂಟ್ರಾನ್ ಆರ್‌ಎನ್‌ಎ ಜಗತ್ತಿನ ಪಳೆಯುಳಿಕೆ ಅಂತ ಹೇಳಿದರೆ ಎರಡನೇ ಪ್ರಶ್ನೆಗೂ ಉತ್ತರ ಆಯಿತು.

ನಿವೃತ್ತ ಜೀವರಸಾಯನ ವಿಜ್ಞಾನಿ, ಮೈಸೂರು
ಮೇಡಂ ಹೇಳಿದ ಮೊದಲ ಮಾತು ಸರಿ, ಆದರೆ ಆ ಹುಡುಗಿಯ ಅನುಮಾನ ಅದರಿಂದ ತೀರುವುದಿಲ್ಲ. ಕೊಲರಾಡೋದ ಬೌಲ್ಡರ್‌ನಲ್ಲಿ ಥಾಮಸ್ ಚೆಕ್ ಅವರ ಲ್ಯಾಬಿಗೇ ತೀರಿರಲಿಲ್ಲ. ಅವರು ಹುಡುಕಲು ಹೊರಟಿದ್ದು ಸ್ಪ್ಲೈಸಿಂಗ್, ಅಂದರೆ ಇಂಟ್ರಾನ್ ತೆಗೆದು ಉಳಿದದ್ದನ್ನು ಜೋಡಿಸುವ ಕೆಲಸ, ಮಾಡುವ ಪ್ರೋಟೀನನ್ನು. ಕೋಶಕೇಂದ್ರದ ಸಾರ ಹಾಕಿದ ಟ್ಯೂಬಿನಲ್ಲಿ ಇಂಟ್ರಾನ್ ಹೊರಬಂದಿತು, ಸರಿ. ಸಾರ ಹಾಕದೆ ಹೋಲಿಕೆಗೆಂದು ಇಟ್ಟ ಟ್ಯೂಬಿನಲ್ಲೂ ಬಂದಿತು. ಮೇಲೆ ಹೇಳಿದ ಉಪಚಾರವೆಲ್ಲ ಆದ ಮೇಲೂ, ಆರ್‌ಎನ್‌ಎಗೆ ಬಿಡದೆ ಅಂಟಿಕೊಂಡ ಯಾವುದೋ ಗಟ್ಟಿ ಪ್ರೋಟೀನು ಇರಬಹುದು ಅನ್ನುವ ವಾದಕ್ಕೆ ಜಾಗ ಇತ್ತು. ಆ ಆರ್‌ಎನ್‌ಎ ಟೆಟ್ರಾಹೈಮಿನಾ ಕೋಶದಿಂದಲೇ ತೆಗೆದದ್ದಲ್ಲವೇ?

ಅನುಮಾನ ಮುರಿದದ್ದು 1982ರ ಪ್ರಯೋಗ. ಇಂಟ್ರಾನ್ ಇರುವ ಜೀನ್ ತುಂಡನ್ನು ಪ್ಲಾಸ್ಮಿಡ್‌ಗೆ ಸೇರಿಸಿ ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ಬೆಳೆಸಿದರು. ಆ ಡಿಎನ್‌ಎ ಶುದ್ಧ ಮಾಡಿ, ಇ. ಕೋಲಿಯ ಪಾಲಿಮರೇಸ್‌ನಿಂದ ಟ್ಯೂಬಿನಲ್ಲೇ ಆರ್‌ಎನ್‌ಎ ಮಾಡಿಕೊಂಡರು. ಈ ಆರ್‌ಎನ್‌ಎ ಟೆಟ್ರಾಹೈಮಿನಾದ ಮುಖವನ್ನೇ ಕಂಡಿಲ್ಲ. ಅದಕ್ಕೆ ಅಂಟಿಕೊಳ್ಳಬಹುದಾದ ಪ್ರೋಟೀನು ಅಂದರೆ ಬ್ಯಾಕ್ಟೀರಿಯಾದ್ದು, ಅದನ್ನೂ ತೊಳೆದು ತೆಗೆದಾಗಿತ್ತು. ಆಮೇಲೆ ಮೆಗ್ನೀಸಿಯಂ, ಸ್ವಲ್ಪ ಲವಣ, ಜಿಟಿಪಿ ಹಾಕಿದರೆ ಸುಮಾರು 400 ನ್ಯೂಕ್ಲಿಯೋಟೈಡ್ ಉದ್ದದ ಇಂಟ್ರಾನ್ ಹೊರಗೆ ಬಂತು, ಅದರ ಎರಡೂ ಬದಿಯ ತುಂಡುಗಳಾದ ಎಕ್ಸಾನ್‌ಗಳು ಕೂಡಿಕೊಂಡವು. ಪಾಠದಲ್ಲಿ ಹೆಚ್ಚು ಹೊತ್ತು ಇಲ್ಲೇ ನಿಲ್ಲಿ.

ಜಿಟಿಪಿ ಶಕ್ತಿ ಕೊಡುತ್ತದೆ ಅನ್ನುವುದನ್ನು ಬಿಟ್ಟುಬಿಡಿ. ಒಂದೇ ಫಾಸ್ಫೇಟಿನ ಜಿಎಂಪಿ ಹಾಕಿದರೂ, ಫಾಸ್ಫೇಟೇ ಇಲ್ಲದ ಬರೀ ಗ್ವಾನೋಸಿನ್ ಹಾಕಿದರೂ ಕೆಲಸ ನಡೆಯುತ್ತದೆ. ಗ್ವಾನೋಸಿನ್ನಿನ ತುದಿಯ ಹೈಡ್ರಾಕ್ಸಿಲ್ ಗುಂಪು ಇಂಟ್ರಾನ್ ಶುರುವಾಗುವ ಕಡೆ ಎರಗಿ ಆ ಬಂಧವನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಈಗ ಬಿಡುಗಡೆಯಾದ ಎಕ್ಸಾನಿನ ತುದಿ ಹೋಗಿ ಇಂಟ್ರಾನಿನ ಇನ್ನೊಂದು ಕೊನೆಗೆ ಎರಗುತ್ತದೆ. ಒಂದು ಬಂಧ ಮುರಿದಲ್ಲಿ ಇನ್ನೊಂದು ಕೂಡುವುದರಿಂದ ಹೊರಗಿನ ಶಕ್ತಿ ಬೇಡ. ವಿಕಿರಣಶೀಲ ರಂಜಕ ಇರುವ ಜಿಟಿಪಿ ಹಾಕಿದಾಗ ಅದು ಹೊರಬಂದ ಇಂಟ್ರಾನಿನ ಮೂತಿಗೇ ಅಂಟಿಕೊಂಡಿತ್ತು. ಇದಕ್ಕಿಂತ ನೇರವಾದ ಸಾಕ್ಷಿ ಬೇಕಿಲ್ಲ.

ಬೆಂಗಳೂರಿನ ಬಯೋಟೆಕ್ ಕಂಪನಿಯಲ್ಲಿ ಕೆಲಸ
ನಾವು ಇದೇ ಜಾತಿಯ ಇಂಟ್ರಾನನ್ನು ದಿನಾ ಬಳಸುತ್ತೇವೆ, ಆದರೆ ಉದ್ದೇಶ ಬೇರೆ. ಅನಬೀನಾ ಎಂಬ ಬ್ಯಾಕ್ಟೀರಿಯಾದ ಇಂಟ್ರಾನನ್ನು ನಡುವೆ ಕತ್ತರಿಸಿ, ಅರ್ಧವನ್ನು ಮುಂದೆ, ಅರ್ಧವನ್ನು ಹಿಂದೆ ಇಟ್ಟರೆ ಮಧ್ಯದ ಆರ್‌ಎನ್‌ಎ ಉಂಗುರವಾಗಿ ಬರುತ್ತದೆ. ಪ್ರಾಕ್ಟಿಕಲ್ ಮಾಡಿಸುವುದಾದರೆ ಒಂದು ಮಾತು: ಆರ್‌ಎನ್‌ಎ ತಯಾರಿಸುವ ಮಿಶ್ರಣದಲ್ಲೇ ಮೆಗ್ನೀಸಿಯಂ ಇರುತ್ತದೆ, ಜಿಟಿಪಿಯೂ ಇರುತ್ತದೆ. ಹಾಗಾಗಿ ನೀವು "ಈಗ ಶುರು" ಅನ್ನುವ ಮೊದಲೇ ಅರ್ಧ ಕೆಲಸ ಮುಗಿದಿರುತ್ತದೆ. ಜೆಲ್‌ನ ಸೊನ್ನೆ ನಿಮಿಷದ ಲೇನಿನಲ್ಲೇ ಇಂಟ್ರಾನ್ ಬ್ಯಾಂಡ್ ಕಂಡರೆ ಇದೇ ಕಾರಣ. ಮೆಗ್ನೀಸಿಯಂ ಕಮ್ಮಿ ಇಟ್ಟು, ತಂಪಿನಲ್ಲಿ ತಯಾರಿಸಿ, ಉದ್ದನೆಯ ಬ್ಯಾಂಡನ್ನು ಜೆಲ್‌ನಿಂದ ಕತ್ತರಿಸಿ ತೆಗೆದುಕೊಳ್ಳಿ.

ಲೇನಿನಲ್ಲಿ ಮೇಲಿಂದ ಕೆಳಗಿನವರೆಗೆ ಹೊಗೆ ಬಿಟ್ಟ ಹಾಗೆ ಕಂಡರೆ ಅದು ಸ್ಪ್ಲೈಸಿಂಗ್ ಅಲ್ಲ, ಆರ್‌ಎನ್‌ಎ ಕೊಳೆತಿದೆ. ಸ್ಪ್ಲೈಸಿಂಗ್ ಆದರೆ ಬ್ಯಾಂಡ್‌ಗಳು ನಿರ್ದಿಷ್ಟ ಉದ್ದದಲ್ಲಿ, ಚೊಕ್ಕವಾಗಿ ಬರುತ್ತವೆ.

ಶಿವಮೊಗ್ಗದ ಓದುಗ
ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಅಣ್ಣನ ಮಗಳಿಗೆ ಥಲಸ್ಸೀಮಿಯಾ. ರಿಪೋರ್ಟಿನಲ್ಲಿ "ಐವಿಎಸ್ 1-5" ಅಂತ ಬರೆದಿದ್ದಾರೆ. ಟೆಟ್ರಾಹೈಮಿನಾ ಬಗ್ಗೆ ಹುಡುಕಿದಾಗಲೂ ಐವಿಎಸ್ ಅಂತಲೇ ಬಂತು. ಹಾಗಾದರೆ ಅವಳ ಇಂಟ್ರಾನ್ ತಾನಾಗಿ ಕತ್ತರಿಸಿಕೊಳ್ಳುವ ಹಾಗೆ ಮಾಡಲು ಆಗುತ್ತದೆಯೇ?

ನಿವೃತ್ತ ಜೀವರಸಾಯನ ವಿಜ್ಞಾನಿ, ಮೈಸೂರು
ಐವಿಎಸ್ ಅಂದರೆ ಇಂಟ್ರಾನಿಗೆ ಇರುವ ಹಳೆಯ ಹೆಸರು, ಅದಕ್ಕೇ ಎರಡೂ ಕಡೆ ಬಂದಿದೆ. ಮಗುವಿನ ರಿಪೋರ್ಟಿನಲ್ಲಿರುವುದು ಬೀಟಾ ಗ್ಲೋಬಿನ್ ಜೀನಿನ ಮೊದಲ ಇಂಟ್ರಾನಿನ ಐದನೇ ಅಕ್ಷರದ ಬದಲಾವಣೆ. ನಮ್ಮ ದೇಶದಲ್ಲಿ ಬಹಳ ಸಾಮಾನ್ಯವಾದದ್ದು. ಮನುಷ್ಯರ ಆ ಇಂಟ್ರಾನ್ ತಾನಾಗಿ ಹೊರಬರುವ ಜಾತಿಯದಲ್ಲ. ಅದನ್ನು ತೆಗೆಯುವುದು ಹಲವು ಆರ್‌ಎನ್‌ಎ ಮತ್ತು ಪ್ರೋಟೀನುಗಳು ಸೇರಿದ ಸ್ಪ್ಲೈಸೋಸೋಮ್. ಅಕ್ಷರ ಬದಲಾದಾಗ ಅದು ತಪ್ಪು ಜಾಗದಲ್ಲಿ ಕತ್ತರಿಸಲು ಶುರುಮಾಡುತ್ತದೆ. ಇಲ್ಲಿ ಮಾತಾಡುತ್ತಿರುವ ಪ್ರಯೋಗದಿಂದ ಅದಕ್ಕೆ ಚಿಕಿತ್ಸೆ ಸಿಗುವುದಿಲ್ಲ. ರಕ್ತರೋಗ ತಜ್ಞರ ಹತ್ತಿರವೇ ಮುಂದಿನ ದಾರಿ ಕೇಳಿ.

ಕೇಳಿದವರು
ಮೊದಲ ಪ್ರಶ್ನೆಗೆ ಬೇಕಾದದ್ದು ಸಿಕ್ಕಿತು ಸರ್. ಪಳೆಯುಳಿಕೆ ಅನ್ನುವ ಮಾತು ಹೇಳಬಹುದೇ?

ನಿವೃತ್ತ ಜೀವರಸಾಯನ ವಿಜ್ಞಾನಿ, ಮೈಸೂರು
ನಾನಾದರೆ ಈ ಇಂಟ್ರಾನಿಗೆ ಆ ಮಾತು ಹೇಳುವುದಿಲ್ಲ. ಈ ಜಾತಿಯವು ಕೆಲವು ಶಿಲೀಂಧ್ರ, ಕೆಲವು ಬ್ಯಾಕ್ಟೀರಿಯಾ, ಟಿ4 ಎಂಬ ವೈರಸ್‌ನಲ್ಲೆಲ್ಲ ಚದುರಿದ ಹಾಗೆ ಸಿಗುತ್ತವೆ. ಎಷ್ಟೋ ಇಂಟ್ರಾನ್‌ಗಳು ಒಂದು ಜೀನಿನಿಂದ ಇನ್ನೊಂದಕ್ಕೆ ದಾಟಿ ಬಂದವು. ಅವು ತೋರಿಸುವುದು ಆರ್‌ಎನ್‌ಎಗೆ ವೇಗವರ್ಧಕವಾಗುವ ಸಾಮರ್ಥ್ಯ ಇದೆ ಅನ್ನುವುದನ್ನು ಮಾತ್ರ. ಇನ್ನೂ ಒಂದು ಕೊರತೆ ಇದೆ: ಇಂಟ್ರಾನ್ ಒಮ್ಮೆ ಕತ್ತರಿಸಿಕೊಂಡು ತಾನೇ ಬದಲಾಗಿಬಿಡುತ್ತದೆ, ಕಿಣ್ವವಾದರೆ ಬದಲಾಗದೆ ಮತ್ತೆ ಮತ್ತೆ ಕೆಲಸ ಮಾಡಬೇಕು. ಅದನ್ನು 1983ರಲ್ಲಿ ಸಿಡ್ನಿ ಆಲ್ಟ್‌ಮನ್ ಮತ್ತು ಸಂಗಡಿಗರು ಆರ್‌ಎನ್‌ಏಸ್ ಪಿ ಎಂಬ ಕಿಣ್ವದ ಆರ್‌ಎನ್‌ಎ ಭಾಗದಲ್ಲಿ ತೋರಿಸಿದರು.

ಪಳೆಯುಳಿಕೆ ಬೇಕಾದರೆ ರೈಬೋಸೋಮ್ ತೋರಿಸಿ. ಅದು ಎಲ್ಲ ಜೀವಕೋಶಗಳಲ್ಲೂ ಇದೆ. ಅದರ ದೊಡ್ಡ ಭಾಗದ ರಚನೆ 2000ದಲ್ಲಿ ಯೇಲ್‌ನಿಂದ ಬಂದಾಗ, ಅಮೈನೋ ಆಮ್ಲಗಳು ಬೆಸೆಯುವ ಜಾಗದ ಸುತ್ತ 18 ಆಂಗ್‌ಸ್ಟ್ರಾಮ್ ಒಳಗೆ ಪ್ರೋಟೀನು ಕಾಣಲಿಲ್ಲ. ಪ್ರೋಟೀನು ಹೆಣೆಯುವ ಯಂತ್ರದ ಒಡಲಲ್ಲಿ ಆರ್‌ಎನ್‌ಎ ಇದೆ ಅಂದರೆ, ಪ್ರೋಟೀನು ಕಿಣ್ವಗಳಿಗೂ ಮುಂಚೆ ಅದು ಕೆಲಸ ಶುರುಮಾಡಿತ್ತು ಅನ್ನುವ ವಾದಕ್ಕೆ ಬಲ ಬರುತ್ತದೆ.

ಪುಣೆಯಲ್ಲಿರುವ ರಸಾಯನಶಾಸ್ತ್ರಜ್ಞೆ
ಒಪ್ಪುತ್ತೇನೆ, ಆದರೆ ಪೂರ್ತಿ ಅಲ್ಲ. ಯೇಲ್‌ನದು ಹ್ಯಾಲೋಆರ್ಕ್ಯುಲಾ ಎಂಬ ಆರ್ಕಿಯಾದ ರೈಬೋಸೋಮ್. ಬ್ಯಾಕ್ಟೀರಿಯಾದಲ್ಲಿ ಎಲ್27 ಎಂಬ ಪ್ರೋಟೀನಿನ ಬಾಲ ಆ ಜಾಗದ ಹತ್ತಿರವೇ ಬರುತ್ತದೆ. ಅದನ್ನು ತೆಗೆದರೂ ಕೆಲಸ ನಿಲ್ಲುವುದಿಲ್ಲ, ನಿಜ. ಆದರೆ "ಮೊದಲು ಬರೀ ಆರ್‌ಎನ್‌ಎ, ಆಮೇಲೆ ಪ್ರೋಟೀನು" ಅನ್ನುವ ಕಟ್ಟುನಿಟ್ಟಾದ ಸಾಲು ನನಗೆ ಒಪ್ಪಿಗೆಯಿಲ್ಲ. ಚಿಕ್ಕ ಪೆಪ್ಟೈಡ್‌ಗಳು ಆಗಲೂ ಜೊತೆಗಿದ್ದಿರಬಹುದು.

ಇನ್ನೊಂದು ತೊಡಕು ನಿಮ್ಮ ಟ್ಯೂಬಿನಲ್ಲೇ ಇದೆ. ಆರ್‌ಎನ್‌ಎ ಮಡಚಿಕೊಂಡು ಕೆಲಸ ಮಾಡಲು ಮೆಗ್ನೀಸಿಯಂ ಬೇಕು. ಹೆಚ್ಚು ಹೊತ್ತು ಬಿಟ್ಟರೆ ಅದೇ ಮೆಗ್ನೀಸಿಯಂ ಆರ್‌ಎನ್‌ಎ ಸರಪಳಿಯನ್ನು ಕಡಿಯುತ್ತದೆ. ಆದಿಕೋಶದ ಗೋಡೆ ಕೊಬ್ಬಿನಾಮ್ಲದ್ದು ಅಂತ ಊಹಿಸಿದರೆ ಅದನ್ನೂ ಒಡೆಯುತ್ತದೆ. ಸಿಟ್ರೇಟ್ ಹಾಕಿದರೆ ಎರಡೂ ಉಳಿಯುತ್ತವೆ ಅಂತ 2013ರಲ್ಲಿ ಜ್ಯಾಕ್ ಶೋಸ್ಟಾಕ್ ಲ್ಯಾಬಿನವರು ತೋರಿಸಿದರು, ಆದರೆ ಆಗಿನ ನೀರಿನಲ್ಲಿ ಅಷ್ಟು ಸಿಟ್ರೇಟ್ ಎಲ್ಲಿಂದ ಬರಬೇಕು?

ಧಾರವಾಡದ ಉಪನ್ಯಾಸಕಿ
ಜಿಟಿಪಿ ವಿಷಯ ಈ ವರ್ಷದಿಂದಲೇ ತಿದ್ದಿಕೊಂಡು ಹೇಳುತ್ತೇನೆ. ಪಳೆಯುಳಿಕೆ ವಿಷಯದಲ್ಲಿ ನನಗೆ ಇನ್ನೂ ಓದಬೇಕು. ಚದುರಿ ಸಿಗುತ್ತದೆ ಅಂದ ಮಾತ್ರಕ್ಕೆ ಮೂಲ ಹಳೆಯದಲ್ಲ ಅಂತ ಆಗುತ್ತದೆಯೇ?

ನಿವೃತ್ತ ಜೀವರಸಾಯನ ವಿಜ್ಞಾನಿ, ಮೈಸೂರು
ಆಗುವುದಿಲ್ಲ. ಮೂಲ ಹಳೆಯದಿರಬಹುದು, ಈ ಇಂಟ್ರಾನ್ ಮೊದಲಿನಿಂದ ಇಲ್ಲೇ ಇತ್ತು ಅಂತ ಹೇಳಲು ಮಾತ್ರ ಆಧಾರವಿಲ್ಲ.

ಪಾಠಕ್ಕೆ ನಾಲ್ಕು ಟ್ಯೂಬು ಬರೆದು ಕೊಡಿ, ಮಕ್ಕಳೇ ಊಹಿಸಲಿ. ಎಲ್ಲದರಲ್ಲೂ ಪ್ಲಾಸ್ಮಿಡ್‌ನಿಂದ ಮಾಡಿದ ಆರ್‌ಎನ್‌ಎ, ಮೆಗ್ನೀಸಿಯಂ. ಒಂದಕ್ಕೆ ಗ್ವಾನೋಸಿನ್. ಇನ್ನೊಂದಕ್ಕೆ ಏನೂ ಇಲ್ಲ. ಮೂರನೆಯದಕ್ಕೆ ಗ್ವಾನೋಸಿನ್ ಜೊತೆ ಮೆಗ್ನೀಸಿಯಂ ಪೂರ್ತಿ ಹಿಡಿದಿಡುವಷ್ಟು ಇಡಿಟಿಎ. ಕೊನೆಯದಕ್ಕೆ ಗ್ವಾನೋಸಿನ್ ಬದಲು ಡೀಆಕ್ಸಿಗ್ವಾನೋಸಿನ್. ಮೊದಲನೆಯದು ಬಿಟ್ಟು ಯಾವುದರಲ್ಲೂ ಎಕ್ಸಾನ್‌ಗಳು ಕೂಡುವುದಿಲ್ಲ. ಕೊನೆಯ ಟ್ಯೂಬು ಯಾಕೆ ಸುಮ್ಮನಿದೆ ಅಂತ ಆ ಹುಡುಗಿಯನ್ನೇ ಕೇಳಿ ನೋಡಿ.