ಗೀಸರ್ ವಾಲ್ವ್ ತೊಟ್ಟಿಕ್ಕುತ್ತಿದೆ: ಸಹಜವೇ, ಕೆಟ್ಟಿದೆಯೇ?

ನೀರ್ಚಾಲಿನಿಂದ ಪ್ರಶ್ನೆ: 25 ಲೀಟರ್ ಗೀಸರ್. ಕೆಳಗಿನ ಸೇಫ್ಟಿ ವಾಲ್ವ್‌ನಿಂದ ಹಗಲೂ ರಾತ್ರಿಯೂ ಹನಿ ಬೀಳುತ್ತಿದೆ. ನೀರು ಹಿಗ್ಗುವುದರಿಂದ ಸಹಜ ಎನ್ನುತ್ತಾರೆ ಒಬ್ಬರು, ವಾಲ್ವ್ ಹೋಗಿದೆ ಎನ್ನುತ್ತಾರೆ ಇನ್ನೊಬ್ಬರು. ಅನುಭವವಿದ್ದವರು ತಿಳಿಸಿ.

ಪೆರ್ಲ: ನಮ್ಮದೂ ಹೀಗೆಯೇ ಸೋರಿತು. ಬಂದವನು ಒಳಗಿನ ಟ್ಯಾಂಕೇ ಹೋಗಿದೆ ಎಂದ. ಹೊಸ ಗೀಸರಿಗೆ 7,800, ಹಳೆಯದನ್ನು ಇಳಿಸಲು 300, ಎರಡು ಪೈಪಿಗೆ 460, ಒಡೆದ ಟೈಲ್ಸಿನ ಖರ್ಚು ಬೇರೆ. ಈಗ ಹೊಸದೂ ಹನಿಯುತ್ತಿದೆ!

ಉಪ್ಪಳ: ಹನಿಯುವುದು ಸಹಜ, ಸುಮ್ಮನಿರಿ. ನಮ್ಮದು ದಿನವೂ ಬೆಳಿಗ್ಗೆ ತೊಟ್ಟಿಕ್ಕುತ್ತದೆ.

ಮುಳ್ಳೇರಿಯ: ನಾನು ಆ ತೂತಿಗೆ ಮರದ ಬೆಣೆ ಹೊಡೆದೆ. ಒಂದು ಹನಿಯೂ ಇಲ್ಲ, ಒಂದು ಪೈಸೆಯೂ ಖರ್ಚಿಲ್ಲ.

ಬದಿಯಡ್ಕ: ಮುಳ್ಳೇರಿಯದ ಅಣ್ಣ, ಮೊದಲು ಸ್ವಿಚ್ ಆರಿಸಿ, ನೀರು ತಣ್ಣಗಾದ ಮೇಲೆ ಆ ಬೆಣೆ ಕಿತ್ತು ಹಾಕಿ. ಥರ್ಮೋಸ್ಟಾಟ್ ಕೈಕೊಟ್ಟ ದಿನ ಒತ್ತಡ ಹೊರಹೋಗಲು ಉಳಿಯುವ ದಾರಿ ಆ ತೂತು. ಅದು ಮುಚ್ಚಿದ್ದರೆ ಟ್ಯಾಂಕ್ ಸಿಡಿಯಬಹುದು.

ಉಪ್ಪಳದ ಅಕ್ಕ ಹೇಳಿದ್ದು ಅರ್ಧ ಸರಿ. 25 ಲೀಟರ್ ನೀರು 65 ಡಿಗ್ರಿಗೆ ಕಾದರೆ ಸುಮಾರು 400 ಮಿಲಿ, ಎಂದರೆ ಎರಡು ಲೋಟದಷ್ಟು, ಹಿಗ್ಗುತ್ತದೆ. ವಾಲ್ವ್ ಒಳಗಿನ ಒಮ್ಮುಖ ತಡೆಯಿಂದಾಗಿ ಅದು ಪೈಪಿಗೆ ಮರಳಲಾರದು, ಹನಿಯಾಗಿ ಬೀಳುತ್ತದೆ. ಕಾಯುವುದು ನಿಂತ ಸ್ವಲ್ಪ ಹೊತ್ತಿನಲ್ಲಿ ಹನಿಯೂ ನಿಲ್ಲಬೇಕು. ಪೆರ್ಲದವರ ಹೊಸ ಗೀಸರ್ ಹನಿಯುವುದು ಬಹುಶಃ ಇದೇ.

ಹಗಲೂ ರಾತ್ರಿಯೂ ಎಂದರೆ ಬೇರೆ ಕಥೆ. ಸಂಜೆ ಸ್ವಿಚ್ ಆರಿಸಿ, ಬಿಸಿನೀರಿನ ನಲ್ಲಿ ತೆರೆದು ತಣ್ಣೀರು ಬರುವವರೆಗೆ ಹರಿಸಿ, ವಾಲ್ವ್ ಕೆಳಗೆ ಪಾತ್ರೆ ಇಟ್ಟು ಮಲಗಿ. ಬೆಳಿಗ್ಗೆ ನೀರು ತುಂಬಿದ್ದರೆ ದೋಷ ವಾಲ್ವಿನದೇ. ಹತ್ತು ಮೀಟರ್ ಎತ್ತರದ ಟ್ಯಾಂಕಿನ ನೀರೂ ಒಂದು ಬಾರ್ ಒತ್ತಡವಷ್ಟೇ ಕೊಡುತ್ತದೆ. ವಾಲ್ವ್ ಮೇಲೆ ಸಾಮಾನ್ಯವಾಗಿ 8 ಬಾರ್ ಎಂದು ಅಚ್ಚಾಗಿರುತ್ತದೆ. ತಣ್ಣಗಿರುವಾಗ ಅದು ತೆರೆಯಲು ಕಾರಣವೇ ಇಲ್ಲ. ಮುರಕಲ್ಲಿನ ನೆಲದ ಬೋರ್‌ವೆಲ್ ನೀರಾದರೆ, ಕೆಂಪು ಕೆಸರಿನ ಒಂದು ಕಣ ರಬ್ಬರಿನಡಿ ಸಿಕ್ಕಿಕೊಂಡರೂ ಸಾಕು. ನೀರು ತಣ್ಣಗಿರುವಾಗಲೇ ಸಣ್ಣ ಹಿಡಿಯನ್ನು ಕೆಲವು ಸಲ ಎತ್ತಿ ಬಿಡಿ, ಕಸ ತೊಳೆದು ಹೋಗಬಹುದು. ಆಮೇಲೂ ನಿಲ್ಲದಿದ್ದರೆ ವಾಲ್ವ್ ಬದಲಿಸಿ. ಅದಕ್ಕಾಗಿ ಗೀಸರ್ ಬದಲಿಸಬೇಕಿಲ್ಲ.

ಪೆರ್ಲ: ಕೊನೆಯ ಮಾತು ನನಗೇ ಎಂದು ಗೊತ್ತಾಯಿತು. ಟ್ಯಾಂಕ್ ನೋಡಿದವರು ನೀವಲ್ಲವಲ್ಲ! ಆ ಹಿಡಿ ಎತ್ತಿಯೇ ನಮ್ಮ ಭಾವನ ಮನೆಯ ವಾಲ್ವ್ ಜೋರಾಗಿ ಸೋರತೊಡಗಿತು.

ಬದಿಯಡ್ಕ: ವರ್ಷಗಟ್ಟಲೆ ಮುಟ್ಟದೆ ಬಿಟ್ಟಿದ್ದರೆ ಹಾಗಾಗುತ್ತದೆ. ಆ ವಾಲ್ವ್ ಹೇಗೂ ಮುಗಿದಿತ್ತು.

ಮುಳ್ಳೇರಿಯ: ಎರಡು ಮಳೆಗಾಲ ಕಳೆಯಿತು, ಏನೂ ಸಿಡಿದಿಲ್ಲ.

ಕುಂಬಳೆ: ಅಡಿಕೆ ಸಿಪ್ಪೆ ಉರಿಸಿ ಹಂಡೆಯಲ್ಲಿ ಕಾಯಿಸಿದರೆ ವಾಲ್ವೂ ಇಲ್ಲ, ಎರಡು ತಿಂಗಳಿಗೊಮ್ಮೆ ಬರುವ ಕರೆಂಟ್ ಬಿಲ್ಲಿನ ಗೋಳೂ ಇಲ್ಲ.

ಉಪ್ಪಳ: ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ ಹಂಡೆ ಎಲ್ಲಿಡಲಿ, ಮಾವ? ಹೊಗೆಗೆ ಪಕ್ಕದವರು ಪೊಲೀಸರನ್ನು ಕರೆಯುತ್ತಾರೆ.